30×40 ಸೈಟ್: ಟೇಪಿನಲ್ಲಿ ಒಂದು ಇಂಚು ತಪ್ಪಿದರೆ ವಿಸ್ತೀರ್ಣದಲ್ಲಿ ಎಷ್ಟು ತಪ್ಪುತ್ತೆ?

ಹೊಸಮನೆ_ಕನಸು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರಗೆ ಒಂದು 30×40 ಸೈಟಿಗೆ ಮಾತುಕತೆ ನಡೆದಿದೆ. ಕಾಗದದಲ್ಲಿ 1200 ಚದರ ಅಡಿ ಅಂತ ಇದೆ. ಹೋದ ಭಾನುವಾರ ನಾನು, ನನ್ನ ತಮ್ಮ ಹೋಗಿ ಅಳೆದೆವು. ಮನೆಯಲ್ಲಿದ್ದ ಹಳೇ ಫೈಬರ್ ಟೇಪು. ಉದ್ದ 39 ಅಡಿ 10 ಇಂಚು, ಅಗಲ 29 ಅಡಿ 11 ಇಂಚು ಬಂತು. ಗುಣಿಸಿದರೆ 1191.7 ಚದರ ಅಡಿ. ಅಂದರೆ 8.3 ಚದರ ಅಡಿ ಕಡಿಮೆ. ಚದರ ಅಡಿಗೆ 3,500 ರೂಪಾಯಿ ಹೇಳಿದ್ದಾರೆ, ಹಾಗಾಗಿ ಸುಮಾರು 29,000 ರೂಪಾಯಿಯ ಮಾತು.

ಮಾರುವವರು "ಟೇಪಿನಲ್ಲಿ ಅಷ್ಟು ಆಚೀಚೆ ಇದ್ದೇ ಇರುತ್ತೆ ಬಿಡಿ" ಅಂದರು. ನಾನು ಹೀಗೆ ಯೋಚಿಸಿದೆ: ನಮ್ಮ ಅಳತೆಯಲ್ಲಿ ಉದ್ದಕ್ಕೆ ಒಂದು ಇಂಚು, ಅಗಲಕ್ಕೆ ಒಂದು ಇಂಚು ತಪ್ಪಿರಬಹುದು. ಒಂದು ಇಂಚು ಗುಣಿಸು ಒಂದು ಇಂಚು, ಒಂದು ಚದರ ಇಂಚು. ಅಷ್ಟೇ ತಾನೆ ತಪ್ಪು? ಹಾಗಿದ್ದರೆ 8 ಚದರ ಅಡಿ ಜಾಗ ನಿಜವಾಗಿಯೂ ಕಡಿಮೆ ಇದೆ ಅಂತ ಆಯಿತು. ಆದರೆ ಗೊತ್ತಿರುವ ಒಬ್ಬ ಇಂಜಿನಿಯರ್ "ಒಂದು ಇಂಚಿಗೆ ಆರು ಚದರ ಅಡಿ ಹೋಗುತ್ತೆ" ಅಂದರು. ಒಂದು ಚದರ ಇಂಚು ಎಲ್ಲಿ, ಆರು ಚದರ ಅಡಿ ಎಲ್ಲಿ! ಯಾವುದು ಸರಿ?

ಪಿಯು_ಫಿಸಿಕ್ಸ್

ಇಂಜಿನಿಯರ್ ಹೇಳಿದ್ದೇ ಸರಿ ಮೇಡಂ. ಗುಣಿಸುವಾಗ ಶೇಕಡಾ ತಪ್ಪುಗಳು ಕೂಡುತ್ತವೆ. 40 ಅಡಿ ಅಂದರೆ 480 ಇಂಚು. ಅದರಲ್ಲಿ ಒಂದು ಇಂಚು ಅಂದರೆ ಶೇಕಡಾ 0.21. 30 ಅಡಿ ಅಂದರೆ 360 ಇಂಚು, ಅದರಲ್ಲಿ ಒಂದು ಇಂಚು ಶೇಕಡಾ 0.28. ಎರಡೂ ಸೇರಿ ಶೇಕಡಾ 0.49. 1191.7ರಲ್ಲಿ ಶೇಕಡಾ 0.49 ಅಂದರೆ 5.8 ಚದರ ಅಡಿ.

ನಿಮಗೆ ಕಡಿಮೆ ಕಂಡಿರುವುದು 8.3. ತಪ್ಪಾಗಬಹುದಾದ್ದು ಹೆಚ್ಚೆಂದರೆ 5.8. ಹಾಗಾಗಿ ಜಾಗ ಕಡಿಮೆ ಇರುವುದು ಖಚಿತ. ಧೈರ್ಯವಾಗಿ ಕೇಳಿ.

ಹೊಸಮನೆ_ಕನಸು

ಸರ್, ಲೆಕ್ಕ ಒಪ್ಪುತ್ತೇನೆ. ಆದರೆ ಕಣ್ಣಿಗೆ ಕಾಣುತ್ತಿಲ್ಲ. ಒಂದು ಇಂಚು ಹೋಗಿ ಆರು ಚದರ ಅಡಿ ಹೇಗೆ ಆಗುತ್ತೆ? ನನ್ನ ಒಂದು ಚದರ ಇಂಚು ಎಲ್ಲಿ ತಪ್ಪಿತು?

ಚೈನು_ಹಿಡಿದವ

ತಾಯಿ, ನಾನು ಮೂವತ್ತು ವರ್ಷ ಸರ್ವೆ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಇದನ್ನು ಲೆಕ್ಕದಲ್ಲಿ ನೋಡುವುದಕ್ಕಿಂತ ನೆಲದ ಮೇಲೆ ನೋಡುವುದು ಸುಲಭ.

ಸೈಟಿನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಅಗಲದಲ್ಲಿ ಒಂದು ಇಂಚು ಕಡಿಮೆ ಓದಿದ್ದೀರಿ. ಆಗ ನಿಮ್ಮ ಲೆಕ್ಕದಿಂದ ಬಿಟ್ಟುಹೋಗಿದ್ದು ಏನು? ಒಂದು ಇಂಚು ಅಗಲದ ಪಟ್ಟಿ. ಆ ಪಟ್ಟಿ ಎಷ್ಟು ಉದ್ದ? ಮುಂದಿನ ಕಲ್ಲಿನಿಂದ ಹಿಂದಿನ ಕಲ್ಲಿನವರೆಗೆ, ಪೂರಾ 40 ಅಡಿ. ಸೀರೆಯ ಅಂಚು ಇದ್ದ ಹಾಗೆ. ಕಣ್ಣಿಗೆ ಸಣ್ಣದು, ಆದರೆ ಸೀರೆ ಇರುವಷ್ಟು ಉದ್ದಕ್ಕೂ ಇರುತ್ತೆ. 40 ಅಡಿಯನ್ನು 12ರಿಂದ ಭಾಗಿಸಿ, 3.3 ಚದರ ಅಡಿ. ಹಾಗೇ ಉದ್ದದಲ್ಲಿ ಒಂದು ಇಂಚು ತಪ್ಪಿದರೆ ಹಿಂಭಾಗದಲ್ಲಿ 30 ಅಡಿ ಉದ್ದದ ಇನ್ನೊಂದು ಪಟ್ಟಿ ಹೋಗುತ್ತೆ. ಅದು 2.5 ಚದರ ಅಡಿ. ಒಟ್ಟು 5.8.

ನಿಮ್ಮ ಒಂದು ಚದರ ಇಂಚು ಸುಳ್ಳಲ್ಲ. ಅದೂ ಇದೆ. ಎರಡು ಪಟ್ಟಿ ಸೇರುವ ಮೂಲೆಯಲ್ಲಿ ಒಂದು ಇಂಚು ಚೌಕದ ತುಂಡು ಇರುತ್ತೆ ನೋಡಿ, ಅದು. ನೀವು ಮೂಲೆಯನ್ನು ಮಾತ್ರ ಎಣಿಸಿದಿರಿ, ಪಟ್ಟಿಗಳನ್ನು ಬಿಟ್ಟಿರಿ. ಒಂದು ಚದರ ಅಡಿಗೆ 144 ಚದರ ಇಂಚು, ಹಾಗಾಗಿ ಆ ಮೂಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಅಗಲದ ತಪ್ಪಿಗೆ ಸಿಗುವುದು ಉದ್ದದ ಪಟ್ಟಿ. ಆದ್ದರಿಂದ ಚಿಕ್ಕ ಬದಿಯನ್ನು ಜಾಸ್ತಿ ಹುಷಾರಾಗಿ ಅಳೆಯಬೇಕು. ಜನ ಉಲ್ಟಾ ಮಾಡುತ್ತಾರೆ. ಉದ್ದದ ಬದಿಗೆ ಮೂರು ಸಲ ಟೇಪು ಹಿಡಿಯುತ್ತಾರೆ, ಚಿಕ್ಕ ಬದಿಯನ್ನು ಒಂದೇ ಸಲ ಓದಿ ಬರೆದುಕೊಳ್ಳುತ್ತಾರೆ.

ಅಡಿಕೆ_ತೋಟ

ಇದು ಅಳತೆ ತಪ್ಪಲ್ಲ ಅಕ್ಕ, ನನಗೂ ಹೀಗೇ ಆಗಿತ್ತು. ನನ್ನ ಸೈಟಿನ ಕಾಗದದಲ್ಲಿ 9×12 ಮೀಟರ್ ಅಂತ ಇತ್ತು. ಎಲ್ಲರೂ ಬಾಯಲ್ಲಿ 30×40 ಅನ್ನುತ್ತಿದ್ದರು. 9×12 ಅಂದರೆ 108 ಚದರ ಮೀಟರ್, ಅಂದರೆ 1162 ಚದರ ಅಡಿ ಚಿಲ್ಲರೆ. 1200ಕ್ಕೆ 37 ಚದರ ಅಡಿ ಕಡಿಮೆ! ನಿಮ್ಮದೂ ಮೀಟರಿನ ಸೈಟೇ ಇರಬೇಕು, ಕಾಗದ ಒಮ್ಮೆ ನೋಡಿ.

ಹೊಸಮನೆ_ಕನಸು

ನೋಡಿದೆ ಅಣ್ಣ. ನಮ್ಮದರಲ್ಲಿ ಅಡಿಯಲ್ಲೇ ಇದೆ, 30 ಅಡಿ, 40 ಅಡಿ ಅಂತ ಚಕ್ಕುಬಂದಿ ಜೊತೆ ಬರೆದಿದೆ.

ಚೈನು_ಹಿಡಿದವ

ತೋಟದವರೇ, ನಿಮ್ಮದು ಬೇರೆ ವಿಷಯ, ಆದರೆ ಹೋಲಿಸಿ ನೋಡಲು ಒಳ್ಳೆಯದು. 9 ಮೀಟರ್ ಅಂದರೆ 29 ಅಡಿ ಆರೂವರೆ ಇಂಚಿನ ಹತ್ತಿರ. 12 ಮೀಟರ್ ಅಂದರೆ 39 ಅಡಿ ನಾಲ್ಕೂವರೆ ಇಂಚಿನ ಹತ್ತಿರ. ಐದಾರು ಇಂಚು, ಏಳೆಂಟು ಇಂಚು ಕಡಿಮೆ ಬಂದರೆ ಅದು ಕೈತಪ್ಪಲ್ಲ. ಇವರದ್ದು ಒಂದು ಇಂಚು, ಎರಡು ಇಂಚಿನ ಮಾತು. ಅಲ್ಲೇ ಕಷ್ಟ ಇರುವುದು.

ಲೆಕ್ಕದ_ಹುಡುಗಿ

ನಾನು ಬಿಎಸ್ಸಿ ಸ್ಟಾಟಿಸ್ಟಿಕ್ಸ್ ಓದುತ್ತಿದ್ದೇನೆ. ಪಿಯು ಸರ್ ಹೇಳಿದ 5.8ರ ಬಗ್ಗೆ ಒಂದು ಮಾತು. ಎರಡೂ ಬದಿ ಒಂದೇ ದಿಕ್ಕಿಗೆ, ಪೂರಾ ಒಂದೊಂದು ಇಂಚು ತಪ್ಪಿದರೆ ಮಾತ್ರ 5.8 ಬರುತ್ತೆ. ಆದರೆ ಉದ್ದ ಸ್ವಲ್ಪ ಜಾಸ್ತಿ ಓದಿ, ಅಗಲ ಸ್ವಲ್ಪ ಕಡಿಮೆ ಓದಿರಬಹುದು. ಆಗ ಒಂದು ಪಟ್ಟಿ ಸೇರಿ ಇನ್ನೊಂದು ಪಟ್ಟಿ ಕಳೆಯುತ್ತೆ. ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ ತಪ್ಪುಗಳನ್ನು ಸುಮ್ನೆ ಕೂಡಬಾರದು. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಬೇಕು. 3.33ರ ವರ್ಗ, 2.5ರ ವರ್ಗ, ಕೂಡಿ ಮೂಲ ತೆಗೆದರೆ 4.17.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. 40ರ ವರ್ಗ, 30ರ ವರ್ಗ ಕೂಡಿ ಮೂಲ ತೆಗೆದರೆ 50. ಅದು ಸೈಟಿನ ಮೂಲೆಯಿಂದ ಮೂಲೆಗೆ ಇರುವ ಕರ್ಣ! ಎರಡೂ ಬದಿಯಲ್ಲಿ ಒಂದೇ ಅಳತೆಯ ತಪ್ಪು ಇದ್ದರೆ ವಿಸ್ತೀರ್ಣದ ತಪ್ಪು ಅಂದರೆ ಕರ್ಣದಷ್ಟು ಉದ್ದದ, ಒಂದು ಇಂಚು ಅಗಲದ ಪಟ್ಟಿ. 50 ಭಾಗಿಸು 12, 4.17. ನೆನಪಿಟ್ಟುಕೊಳ್ಳುವುದು ಸುಲಭ, ಅಲ್ವಾ?

ನಂಬಿಕೆ ಬರದಿದ್ದರೆ ಇದನ್ನು ಓಡಿಸಿ ನೋಡಿ. ಒಂದು ಲಕ್ಷ ಸಲ ಅಳೆದ ಹಾಗೆ:

```python
import random, statistics
e = 1/12
a = [(40 + random.gauss(0, e)) * (30 + random.gauss(0, e))
     for _ in range(100000)]
print(statistics.stdev(a))
```

ನನಗೆ ಪ್ರತಿ ಸಲವೂ 4.17ರ ಆಸುಪಾಸು ಬರುತ್ತೆ.

ಪಿಯು_ಫಿಸಿಕ್ಸ್

ತಂಗಿ, ಪರೀಕ್ಷೆಯಲ್ಲಿ 4.17 ಬರೆದರೆ ಅಂಕ ಸಿಗುವುದಿಲ್ಲ. ನಮ್ಮಲ್ಲಿ ಕೂಡುವುದೇ ನಿಯಮ.

ಲೆಕ್ಕದ_ಹುಡುಗಿ

ಸರ್, ನೀವು ಹೇಳುವುದು "ಇದಕ್ಕಿಂತ ಜಾಸ್ತಿ ತಪ್ಪಲು ಸಾಧ್ಯವೇ ಇಲ್ಲ" ಅನ್ನುವ ಗಡಿ. ನಾನು ಹೇಳುವುದು "ಸಾಮಾನ್ಯವಾಗಿ ಇಷ್ಟು ತಪ್ಪುತ್ತೆ" ಅನ್ನುವ ಅಂದಾಜು. ಎಲ್ಲ ನಿಂತಿರುವುದು ಅಕ್ಕ ಬರೆದ "ಒಂದು ಇಂಚು" ಯಾವ ಅರ್ಥದ್ದು ಅನ್ನುವುದರ ಮೇಲೆ. ಅದು ಗಡಿಯಾದರೆ 8.3 ಅಸಾಧ್ಯ. ಅದು ಸಾಮಾನ್ಯ ತಪ್ಪಾದರೆ, 8.3 ಅಂದರೆ 4.17ರ ಎರಡರಷ್ಟು. ಇಪ್ಪತ್ತು ಸಲದಲ್ಲಿ ಒಂದು ಸಲ ಅಷ್ಟು ಆಚೀಚೆ ಆಗಬಹುದು. ಅಪರೂಪ, ಆದರೆ ಅಸಾಧ್ಯ ಅಲ್ಲ. ಹಾಗಾಗಿ ನೀವು "ಖಚಿತ" ಅಂದಿದ್ದನ್ನು ನಾನು ಒಪ್ಪುವುದಿಲ್ಲ.

ಪಿಯು_ಫಿಸಿಕ್ಸ್

ಗಡಿ ಅಂತಲೇ ನಾನು ತಿಳಿದುಕೊಂಡೆ. ಆ ಅರ್ಥದಲ್ಲಿ ನನ್ನ ಉತ್ತರ ಸರಿಯೇ ಇದೆ. ಮೇಡಂ, ನೀವು ಯಾವ ಅರ್ಥದಲ್ಲಿ ಬರೆದಿರಿ?

ಹೊಸಮನೆ_ಕನಸು

ನಿಜ ಹೇಳಬೇಕೆಂದರೆ ಅಷ್ಟು ಯೋಚಿಸಿರಲಿಲ್ಲ ಸರ್. ಅಷ್ಟು ಆಚೀಚೆ ಆಗಿರಬಹುದು ಅನ್ನಿಸಿತು, ಬರೆದೆ. ಪ್ರತಿ ಬದಿಯನ್ನು ಎರಡು ಸಲ ಅಳೆದೆವು. ಎರಡನೇ ಸಲವೂ ಅರ್ಧ ಇಂಚಿನೊಳಗೆ ಅದೇ ಬಂತು.

ಚೈನು_ಹಿಡಿದವ

ಆ ಕೊನೆಯ ಮಾತು ಮುಖ್ಯ. ಎರಡು ಸಲ ಅಳೆದರೆ ಅರ್ಧ ಇಂಚಿನೊಳಗೆ ಒಂದೇ ಬಂತು ಅಂದರೆ ಕೈ ಸ್ಥಿರವಾಗಿದೆ. ಆದರೂ ಎರಡೂ ಬದಿ ಕಡಿಮೆ ಬಂದಿದೆ. ಒಂದು ಜಾಸ್ತಿ, ಒಂದು ಕಡಿಮೆ ಬಂದಿದ್ದರೆ ನಾನು ಕೈತಪ್ಪು ಅನ್ನುತ್ತಿದ್ದೆ. ಎರಡೂ ಒಂದೇ ಕಡೆಗೆ ಬಿದ್ದಾಗ ನನ್ನ ಕಣ್ಣು ಹೋಗುವುದು ಟೇಪಿನ ಕಡೆಗೆ.

ಮಗು ಹೇಳಿದ ವರ್ಗ, ವರ್ಗಮೂಲದ ಲೆಕ್ಕ ಚೆನ್ನಾಗಿದೆ. ಆದರೆ ಅದರೊಳಗೆ ಒಂದು ಷರತ್ತು ಇದೆ, ಅವಳೇ ಹೇಳಿದ್ದಾಳೆ. ತಪ್ಪುಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು. ಇಲ್ಲಿ ಉದ್ದವನ್ನೂ ಅಗಲವನ್ನೂ ಅಳೆದಿದ್ದು ಒಂದೇ ಟೇಪು. ಹಳೇ ಫೈಬರ್ ಟೇಪು ಎಳೆದು ಎಳೆದು ಹಿಗ್ಗಿರುತ್ತೆ. ಹಿಗ್ಗಿದ ಟೇಪಿನಲ್ಲಿ ಒಂದೊಂದು ಅಡಿಯೂ ಒಂದು ಅಡಿಗಿಂತ ಸ್ವಲ್ಪ ಉದ್ದ. ಆಗ ಅದೇ ನೆಲಕ್ಕೆ ಕಡಿಮೆ ಅಡಿ ಎಣಿಸುತ್ತೆ. ಉದ್ದದಲ್ಲೂ ಕಡಿಮೆ, ಅಗಲದಲ್ಲೂ ಕಡಿಮೆ. ಅಲ್ಲಿ ಒಂದನ್ನೊಂದು ಕಳೆಯುವ ಮಾತೇ ಇಲ್ಲ. ಟೇಪು ಶೇಕಡಾ ಕಾಲು ಹಿಗ್ಗಿದ್ದರೆ ವಿಸ್ತೀರ್ಣ ಶೇಕಡಾ ಅರ್ಧ ಕಡಿಮೆ ಬರುತ್ತೆ. ಸರಿಯಾಗಿ ಎರಡರಷ್ಟು.

ಇನ್ನೊಂದು, ಇಂಥ ತಪ್ಪು ಸರಾಸರಿ ತೆಗೆದರೂ ಹೋಗುವುದಿಲ್ಲ. ನೂರು ಸಲ ಅಳೆಯಿರಿ, ನೂರು ಸಲವೂ ಅದೇ ಟೇಪು ಅದೇ ಸುಳ್ಳು ಹೇಳುತ್ತೆ. ಎರಡು ಸಲವೂ ಒಂದೇ ಬಂತು ಅಂತ ನಂಬಿಕೆ ಬೇರೆ ಹೆಚ್ಚಾಗುತ್ತೆ.

ಮಾಡಬೇಕಾದ್ದು ಇಷ್ಟು. ಒಂದು ಒಳ್ಳೆಯ ಸ್ಟೀಲ್ ಟೇಪು ಯಾರದ್ದಾದರೂ ತನ್ನಿ. ಮನೆಯ ವರಾಂಡದಲ್ಲೋ ರಸ್ತೆಯಲ್ಲೋ ಎರಡನ್ನೂ ಪಕ್ಕ ಪಕ್ಕ ನೆಲಕ್ಕೆ ತಾಗಿಸಿ ಹಾಸಿ. ಸೊನ್ನೆಗೆ ಸೊನ್ನೆ ಕೂಡಿಸಿ. ಫೈಬರ್ ಟೇಪನ್ನು ಸೈಟಿನಲ್ಲಿ ಎಷ್ಟು ಜೋರಾಗಿ ಎಳೆದಿದ್ದಿರೋ ಅಷ್ಟೇ ಎಳೆಯಿರಿ. ಸ್ಟೀಲಿನ 30 ಅಡಿ ಗುರುತಿನ ಎದುರು ಫೈಬರಿನಲ್ಲಿ ಎಷ್ಟಿದೆ ನೋಡಿ ಹೇಳಿ.

ಟೈಲ್ಸ್_ಮೇಸ್ತ್ರಿ

ಸರ್ವೆ ಯಜಮಾನರು ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಟೇಪಿಲ್ಲದೆಯೇ ಹೀಗಾಗಿದೆ.

ಒಂದು ಮನೆಯ ಹಾಲಿಗೆ ಮರದ ನೆಲಹಾಸು ಹಾಕುವವರಿಗೆ ಅಳತೆ ಕೊಡಬೇಕಿತ್ತು. ನಾನೇ ಹಾಕಿದ ಟೈಲ್ಸ್, 600 ಮಿಲಿಮೀಟರಿನದ್ದು. ಟೇಪು ಯಾಕೆ ಅಂತ ಟೈಲ್ಸ್ ಎಣಿಸಿದೆ. ಒಂದು ಕಡೆ 10, ಇನ್ನೊಂದು ಕಡೆ 8. ಆರು ಮೀಟರ್, 4.8 ಮೀಟರ್, 28.8 ಚದರ ಮೀಟರ್ ಅಂತ ಹೇಳಿಬಿಟ್ಟೆ. ಆದರೆ ಟೈಲ್ಸ್ ನಡುವೆ 2 ಮಿಲಿಮೀಟರ್ ಸ್ಪೇಸರ್ ಇಟ್ಟು ಹಾಕಿದ್ದು ನಾನೇ. ಅದನ್ನು ಮರೆತೆ. ಒಂದೊಂದು ಟೈಲಿಗೆ 602 ಅಂತ ಹಿಡಿಯಬೇಕಿತ್ತು. ಆಗ ಸುಮಾರು 29 ಚದರ ಮೀಟರ್ ಆಗುತ್ತೆ. ಎರಡು ಚದರ ಅಡಿ ಕಡಿಮೆ ಬಿತ್ತು. ಗೋಡೆಯ ಅಂಚಿನಲ್ಲಿ ಪಟ್ಟಿ ಸಾಲಲಿಲ್ಲ. ಮತ್ತೊಂದು ಪೆಟ್ಟಿಗೆ ನನ್ನ ಖರ್ಚಿನಲ್ಲಿ ತರಿಸಿದೆ.

ಎರಡು ಮಿಲಿಮೀಟರ್ ಯಾರ ಕಣ್ಣಿಗೂ ಬೀಳಲ್ಲ. ಆದರೆ ಪ್ರತಿ ಟೈಲಿಗೂ ಅದೇ ಎರಡು, ಎರಡೂ ದಿಕ್ಕಿಗೆ. ಎಷ್ಟು ಸಲ ಎಣಿಸಿದ್ದರೂ 10 ಮತ್ತು 8 ಅಂತಲೇ ಬರುತ್ತಿತ್ತು.

ಅಕ್ಕ, ಟೇಪಿನ ತುದಿಯನ್ನೂ ನೋಡಿ. ಮೊದಲ ಇಂಚು ಕಿತ್ತುಹೋಗಿದ್ದರೆ ಅಲ್ಲೇ ಒಂದು ಇಂಚಿನ ಲೆಕ್ಕ ತಪ್ಪುತ್ತೆ.

ಲೆಕ್ಕದ_ಹುಡುಗಿ

ಸರ್ವೆ ಸರ್, ಒಪ್ಪಿದೆ. ಒಂದೇ ಟೇಪು ಅನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕೋಡಿನಲ್ಲಿ ಎರಡು ಬದಿಗೂ ಬೇರೆ ಬೇರೆ ತಪ್ಪು ಹಾಕಿದ್ದೆ. ಈಗ ಒಂದೇ ತಪ್ಪನ್ನು ಎರಡಕ್ಕೂ ಹಾಕಿ ಓಡಿಸಿದೆ. 4.17 ಇದ್ದದ್ದು 5.83 ಆಯಿತು. ಅಂದರೆ ಪಿಯು ಸರ್ ಹೇಳಿದ ಕೂಡುವ ಲೆಕ್ಕವೇ ಬಂತು! ಮೇಸ್ತ್ರಿಯವರು ಹೇಳಿದ ತುದಿ ಕಿತ್ತುಹೋದ ಟೇಪಿಗೆ ಇದೇ ಉತ್ತರ, ಯಾಕೆಂದರೆ ಅದು ಎರಡೂ ಬದಿಗೆ ಅಷ್ಟಷ್ಟೇ ಇಂಚು ತಪ್ಪಿಸುತ್ತೆ. ಹಿಗ್ಗಿದ ಟೇಪು ಹಾಗಲ್ಲ, ಉದ್ದದ ಬದಿಯಲ್ಲಿ ಜಾಸ್ತಿ ಇಂಚು ತಿನ್ನುತ್ತೆ, ಚಿಕ್ಕ ಬದಿಯಲ್ಲಿ ಕಡಿಮೆ.

ಅಕ್ಕನ ಅಳತೆ ಹಾಗೇ ಇದೆ ನೋಡಿ. ಉದ್ದದಲ್ಲಿ ಎರಡು ಇಂಚು ಕಡಿಮೆ, ಅಗಲದಲ್ಲಿ ಒಂದು. ಹಿಗ್ಗಿರುವ ಸಂಭವವೇ ಜಾಸ್ತಿ.

ಪಿಯು_ಫಿಸಿಕ್ಸ್

ನಾನು ಕೂಡಿದ್ದು ಬೇರೆ ಕಾರಣಕ್ಕೆ, ಆದರೂ ಉತ್ತರ ಒಂದೇ ಬಂತು. ಇನ್ನು ಮೇಲೆ ಲ್ಯಾಬಿನಲ್ಲಿ ಹುಡುಗರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಉದ್ದ, ಅಗಲ ಎರಡಕ್ಕೂ ಒಂದೇ ಸ್ಕೇಲ್ ಬಳಸಿದಿರಾ? ಇಷ್ಟು ವರ್ಷ ಕೇಳಿರಲಿಲ್ಲ.

ಬಿಸಿಲಿಗೆ ಸ್ಟೀಲ್ ಟೇಪೂ ಹಿಗ್ಗುತ್ತದಲ್ಲ, ಅದನ್ನು ಲೆಕ್ಕ ಹಾಕಬೇಡವೇ?

ಚೈನು_ಹಿಡಿದವ

ಹಿಗ್ಗುತ್ತೆ. ಸ್ಟೀಲ್ ಟೇಪಿನ ಗುರುತುಗಳು ಸಾಮಾನ್ಯವಾಗಿ 20 ಡಿಗ್ರಿಗೆ ಸರಿಯಾಗಿರುತ್ತವೆ. ಮಧ್ಯಾಹ್ನ ಟೇಪು 35 ಡಿಗ್ರಿ ಆಯಿತು ಅಂದುಕೊಂಡರೂ 40 ಅಡಿಗೆ ಎರಡು ಮಿಲಿಮೀಟರ್ ಚಿಲ್ಲರೆ. ಇವರ ಕೆಲಸಕ್ಕೆ ಅದು ಬೇಡ.

ಬೇಕಾದ್ದು ಟೇಪಿನ ಜೋಲು. ಟೇಪು ಗಾಳಿಯಲ್ಲಿ ಜೋತುಬಿದ್ದರೆ ನೇರ ದಾರಿಗಿಂತ ಉದ್ದ ಓದುತ್ತೆ. 40 ಅಡಿಯಲ್ಲಿ ನಡುವೆ ಅರ್ಧ ಅಡಿ ಜೋತರೆ ಕಾಲು ಇಂಚಿಗಿಂತ ಕಡಿಮೆ ತಪ್ಪು. ಅದೇ ಒಂದು ಅಡಿ ಜೋತರೆ ಮುಕ್ಕಾಲು ಇಂಚು ದಾಟುತ್ತೆ. ಜೋಲು ಎರಡರಷ್ಟಾದರೆ ತಪ್ಪು ನಾಲ್ಕರಷ್ಟು. ಗಿಡ ಅಡ್ಡ ಬಂದು ಟೇಪು ಪಕ್ಕಕ್ಕೆ ಬಾಗಿದರೂ ಹೀಗೇ. ಇವೆಲ್ಲ ಯಾವಾಗಲೂ ಜಾಸ್ತಿಯೇ ತೋರಿಸುತ್ತವೆ, ಎಂದೂ ಕಡಿಮೆ ತೋರಿಸುವುದಿಲ್ಲ. ಹಿಗ್ಗಿದ ಟೇಪು ಕಡಿಮೆ ತೋರಿಸುತ್ತೆ. ಯಾವ ತಪ್ಪು ಯಾವ ಕಡೆಗೆ ಎಳೆಯುತ್ತೆ ಅನ್ನುವುದು ಗೊತ್ತಿದ್ದರೆ ಅರ್ಧ ಕಾಯಿಲೆ ಗುರುತು ಸಿಕ್ಕ ಹಾಗೆ.

ಹೊಸಮನೆ_ಕನಸು

ನಮಸ್ಕಾರ, ಮೂರು ದಿನ ತಡವಾಯಿತು. ಪಕ್ಕದ ಮನೆಯ ಕಂಟ್ರಾಕ್ಟರ್ ಹತ್ತಿರ ಸ್ಟೀಲ್ ಟೇಪು ಸಿಕ್ಕಿತು. ಮನೆ ಮುಂದಿನ ಕಾಂಕ್ರೀಟ್ ರಸ್ತೆಯಲ್ಲಿ ಎರಡನ್ನೂ ಹಾಸಿದೆವು. ತುದಿ ಸರಿಯಾಗಿಯೇ ಇದೆ. ಮೊದಲ ಐದು ಅಡಿ ಏನೂ ವ್ಯತ್ಯಾಸ ಕಾಣಲಿಲ್ಲ. ಹತ್ತು ಅಡಿಯ ಹತ್ತಿರ ಗೆರೆಗಳು ಸ್ವಲ್ಪ ಜಾರಿದ್ದು ಕಂಡಿತು. 30 ಅಡಿಗೆ ಬರುವಷ್ಟರಲ್ಲಿ ಸ್ಟೀಲಿನ 30 ಅಡಿಯ ಎದುರು ಫೈಬರಿನಲ್ಲಿ 29 ಅಡಿ 11 ಇಂಚು ಇತ್ತು. ತಮ್ಮ ನಂಬಲಿಲ್ಲ, ಮೂರು ಸಲ ಹಾಸಿ ನೋಡಿದ.

ನಮ್ಮ ಸೈಟಿನ ಅಗಲ ಓದಿದ್ದು ಅದೇ 29 ಅಡಿ 11 ಇಂಚು! ಅಂದರೆ ಅಗಲ ನಿಜಕ್ಕೂ 30 ಅಡಿ. ಉದ್ದವನ್ನು ನಾನೇ ಲೆಕ್ಕ ಹಾಕಿದೆ. 478 ಇಂಚನ್ನು 360ರಿಂದ ಗುಣಿಸಿ 359ರಿಂದ ಭಾಗಿಸಿದೆ. 479 ಇಂಚು ಮತ್ತು ಸ್ವಲ್ಪ, ಅಂದರೆ 39 ಅಡಿ 11 ಇಂಚಿನ ಮೇಲೆ ಕಾಲಿಗಿಂತ ಸ್ವಲ್ಪ ಜಾಸ್ತಿ. ವಿಸ್ತೀರ್ಣ 1198.3. ಕಡಿಮೆ ಇರುವುದು 1.7 ಚದರ ಅಡಿ ಮಾತ್ರ.

ಲೆಕ್ಕ ಸರಿ ಇದೆಯಾ ಸರ್?

ಚೈನು_ಹಿಡಿದವ

ಸರಿಯಾಗಿದೆ ತಾಯಿ. 8.3ರಲ್ಲಿ 6.6 ತಿಂದಿದ್ದು ನಿಮ್ಮ ಟೇಪು. ಆದರೂ ಹಿಗ್ಗಿದ ಟೇಪಿನ ಅಳತೆಯನ್ನು ತಿದ್ದಿ ನಂಬುವುದಕ್ಕಿಂತ ಸ್ಟೀಲ್ ಟೇಪಿನಲ್ಲಿ ಮತ್ತೆ ಅಳೆಯುವುದು ಲೇಸು. ಫೈಬರ್ ಎಷ್ಟು ಹಿಗ್ಗುತ್ತೆ ಅನ್ನುವುದು ನೀವು ಎಳೆಯುವ ಬಲದ ಮೇಲೂ ನಿಂತಿರುತ್ತೆ.

ಮತ್ತೆ ಹೋದಾಗ ಎರಡು ಬದಿ ಸಾಲದು. ನಾಲ್ಕೂ ಬದಿ ಅಳೆಯಿರಿ, ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆಯಿರಿ. ಉದ್ದ ಗುಣಿಸು ಅಗಲ ಅನ್ನುವ ಲೆಕ್ಕವೇ ಸೈಟು ಆಯತ ಅಂತ ನಂಬಿ ಹಾಕಿದ್ದು. ಅದನ್ನು ಯಾರೂ ಇನ್ನೂ ನೋಡಿಲ್ಲ.

ಅಡಿಕೆ_ತೋಟ

ಮೂಲೆಮಟ್ಟ ತಪ್ಪಿದ್ದರೆ ಜಾಗ ತುಂಬಾ ಹೋಗುತ್ತೆ ಅಕ್ಕ, ಅದನ್ನು ಮೊದಲು ನೋಡಿ.

ಹೊಸಮನೆ_ಕನಸು

ಇವತ್ತು ಹೋಗಿ ಬಂದೆವು, ಸ್ಟೀಲ್ ಟೇಪಿನಲ್ಲಿ. ಮುಂದಿನ ಬದಿ 30 ಅಡಿ. ಎಡ, ಬಲ ಎರಡೂ 39 ಅಡಿ 11 ಇಂಚು ಕಾಲು. ಕರ್ಣಗಳು ಮಾತ್ರ ಹೆದರಿಸಿದವು. ಒಂದು 50 ಅಡಿ 4 ಇಂಚು, ಇನ್ನೊಂದು 49 ಅಡಿ 7 ಇಂಚು. ಒಂಬತ್ತು ಇಂಚು ವ್ಯತ್ಯಾಸ! ಹಿಂದಿನ ಬದಿ ಅಳೆಯಲು ಆಗಲಿಲ್ಲ. ಹಿಂದಿನ ಸೈಟಿನವರು ಗಡಿಯ ಮೇಲೇ ಜಲ್ಲಿ ಸುರಿಸಿದ್ದಾರೆ. ಎದೆ ಎತ್ತರ ಇದೆ, ಎರಡು ಮೂಲೆ ಕಲ್ಲು ಮಾತ್ರ ಕಾಣುತ್ತವೆ.

ಒಂಬತ್ತು ಇಂಚಿಗೆ ಎಷ್ಟು ಚದರ ಅಡಿ ಹೋಯಿತು?

ಲೆಕ್ಕದ_ಹುಡುಗಿ

ಹೆದರಬೇಡಿ ಅಕ್ಕ, ನನಗೂ ಲೆಕ್ಕ ಹಾಕಿದ ಮೇಲೆ ಆಶ್ಚರ್ಯ ಆಯಿತು. ಎದುರು ಬದುರು ಬದಿಗಳು ಸಮ ಅಂತ ಇಟ್ಟುಕೊಂಡರೆ ಮೂಲೆ 90ರ ಬದಲು 89 ಡಿಗ್ರಿಯ ಹತ್ತಿರ ಇದೆ. ಆಯತ ಸ್ವಲ್ಪ ವಾಲಿದೆ ಅಷ್ಟೇ. ಅದರಿಂದ ಹೋಗುವ ವಿಸ್ತೀರ್ಣ 0.15 ಚದರ ಅಡಿ. ಒಂದು ಪುಸ್ತಕ ಇಡುವಷ್ಟು ಜಾಗವೂ ಅಲ್ಲ. ಕರ್ಣಕ್ಕೆ ಒಂಬತ್ತು ಇಂಚು, ವಿಸ್ತೀರ್ಣಕ್ಕೆ ಏನೂ ಇಲ್ಲ.

ಚೈನು_ಹಿಡಿದವ

ಹೌದು. ತೋಟದವರು ಹೇಳಿದ್ದು ಮನೆ ಕಟ್ಟುವಾಗ ನಿಜ, ಗೋಡೆ ಸೊಟ್ಟಗಾಗುತ್ತೆ. ವಿಸ್ತೀರ್ಣಕ್ಕೆ ಮೂಲೆ ಒಂದು ಡಿಗ್ರಿ ತಪ್ಪಿದರೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಡಿಗ್ರಿ ತಪ್ಪಿದರೆ ಶೇಕಡಾ ಒಂದೂವರೆ ಹೋಗುತ್ತೆ, ಅದು ಬೇರೆ ಮಾತು.

ನನಗೆ ಚಿಂತೆ ಇರುವುದು ಆ ಜಲ್ಲಿ ರಾಶಿಯ ಬದಿ. "ಎದುರು ಬದುರು ಸಮ" ಅನ್ನುವುದನ್ನು ನಾವು ಇನ್ನೂ ನೋಡಿಲ್ಲ. ಹಿಂದಿನ ಬದಿ ಮುಂದಿನದಕ್ಕಿಂತ ಮೂರು ಇಂಚು ಕಡಿಮೆ ಇದ್ದರೆ ಒಂದು ಉದ್ದನೆಯ ಮುಕ್ಕೋನ ಹೋಗುತ್ತೆ. 5 ಚದರ ಅಡಿ. ಈಗ ಉಳಿದಿರುವ ಎಲ್ಲ ತಪ್ಪಿಗಿಂತ ಅದು ದೊಡ್ಡದು.

ಲೆಕ್ಕದ_ಹುಡುಗಿ

ಸರ್, ಜಲ್ಲಿ ಇದ್ದರೂ ಅದನ್ನು ಲೆಕ್ಕದಲ್ಲಿ ತೆಗೆಯಬಹುದಲ್ಲ? ಮೂರು ಬದಿ, ಎರಡು ಕರ್ಣ ಇವೆ. ಹಿಂದಿನ ಬದಿ ಮುಂದಿನದಕ್ಕೆ ಸಮಾನಾಂತರ ಅಂತ ಹಿಡಿದೆ. ಎರಡು ಕರ್ಣಗಳ ವರ್ಗ ಕೂಡಿ, ಅದರಿಂದ ಎಡ ಬಲ ಬದಿಗಳ ವರ್ಗ ಕಳೆದು, ಮುಂದಿನ ಬದಿಯ ಎರಡರಷ್ಟರಿಂದ ಭಾಗಿಸಿದೆ. 30 ಅಡಿ, ಮೇಲೆ ಅರ್ಧ ಇಂಚಿಗೂ ಕಡಿಮೆ ಬಂತು. ಅಂದರೆ ಹಿಂದಿನ ಬದಿಯೂ 30 ಅಡಿಯೇ. ಎಲ್ಲ ಸರಿ ಇದೆ!

ಚೈನು_ಹಿಡಿದವ

ಚೆನ್ನಾಗಿ ತೆಗೆದೆ ಮಗು. ಈಗ ಅದೇ ಲೆಕ್ಕಕ್ಕೆ ನೀನೇ ಹೇಳಿದ ತಪ್ಪಿನ ಲೆಕ್ಕ ಹಾಕು. ಕಲ್ಲು ಮುಳ್ಳಿನ ನೆಲದಲ್ಲಿ 50 ಅಡಿ ಟೇಪು ಎಳೆದಾಗ ಅರ್ಧ ಇಂಚು ಆಚೀಚೆ ಇದ್ದೇ ಇರುತ್ತೆ. ಐದು ಅಳತೆಗೂ ಅರ್ಧ ಇಂಚು ಕೊಟ್ಟು ನೋಡು.

ಲೆಕ್ಕದ_ಹುಡುಗಿ

ಹಾಕಿದೆ ಸರ್. ಒಂದು ಕರ್ಣದಲ್ಲಿ ಅರ್ಧ ಇಂಚು ತಪ್ಪಿದರೆ ಹಿಂದಿನ ಬದಿಯಲ್ಲಿ ಮುಕ್ಕಾಲು ಇಂಚಿಗಿಂತ ಜಾಸ್ತಿ ತಪ್ಪುತ್ತೆ. ಐದೂ ಅಳತೆ ಸೇರಿ ಹಿಂದಿನ ಬದಿಯಲ್ಲಿ 1.6 ಇಂಚು ಆಚೀಚೆ. ತಪ್ಪು ಕಡಿಮೆಯಾಗುವ ಬದಲು ಮೂರು ಪಟ್ಟು ಬೆಳೆದಿದೆ. ವಿಸ್ತೀರ್ಣಕ್ಕೆ ಅದೊಂದರಿಂದಲೇ 2.6 ಚದರ ಅಡಿ. "ಎಲ್ಲ ಸರಿ ಇದೆ" ಅಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಟೇಪಿನಲ್ಲಿ ನೇರವಾಗಿ ಅಳೆದರೆ ಅರ್ಧ ಇಂಚಿನಲ್ಲೇ ಮುಗಿಯುತ್ತೆ.

ಪಿಯು_ಫಿಸಿಕ್ಸ್

ಮೇಡಂ, ನಾನು "ಖಚಿತ" ಅಂದಿದ್ದನ್ನು ನಂಬಿ ಮಾರುವವರ ಹತ್ತಿರ ಹೋಗಿಲ್ಲ ತಾನೆ?

ಹೊಸಮನೆ_ಕನಸು

ಇಲ್ಲ ಸರ್, ಹೋಗಿಲ್ಲ. ಸದ್ಯ 1.7 ಅಥವಾ 1.9 ಚದರ ಅಡಿ ಕಡಿಮೆ ಅಂತ ಬರುತ್ತಿದೆ, ಅದಕ್ಕಾಗಿ ಜಗಳ ಬೇಡ ಅಂತ ಅಪ್ಪ ಹೇಳುತ್ತಿದ್ದಾರೆ. ಆದರೆ ಹಿಂದಿನ ಬದಿ ನೋಡದೆ ಅಡ್ವಾನ್ಸ್ ಕೊಡಲ್ಲ. ಜಲ್ಲಿಯವರಿಗೆ ಫೋನ್ ಮಾಡಿದೆ, ಬುಧವಾರ ಪಾಯಕ್ಕೆ ಎತ್ತುತ್ತಾರಂತೆ. ಗುರುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಹೋಗುತ್ತೇವೆ. ಟೇಪು ವಾಪಸ್ ಕೊಟ್ಟಿಲ್ಲ.

ಟೈಲ್ಸ್_ಮೇಸ್ತ್ರಿ

ಗುರುವಾರ ನಾನು ಆ ಕಡೆಯೇ ಕೆಲಸಕ್ಕೆ ಬರುತ್ತೇನೆ ಅಕ್ಕ. ಇನ್ನೊಂದು ತುದಿ ಹಿಡಿಯಲು ಜನ ಬೇಕಿದ್ದರೆ ಹೇಳಿ.